ಕಚೇರಿ ಸ್ಥಳಾಂತರ: ಯಾವ ಜಾಗಕ್ಕೆ ಹೋಗಬೇಕು, ಹೇಗೆ ಹೋಗಬೇಕು?

ಕಚೇರಿ ಬದಲಿಸುವವರು ಎರಡು ತೀರ್ಮಾನ ಮಾಡಬೇಕು. ಯಾವ ಜಾಗಕ್ಕೆ ಹೋಗುವುದು ಅನ್ನುವುದು ಒಂದು. ಒಂದೇ ಸಲ ಎಲ್ಲರೂ ಹೋಗುವುದೋ, ಸ್ವಲ್ಪ ಸ್ವಲ್ಪವಾಗಿ ಹೋಗುವುದೋ ಅನ್ನುವುದು ಇನ್ನೊಂದು. ಹೆಚ್ಚಿನ ಕಡೆ ಜಾಗವನ್ನು ಬಾಡಿಗೆ ನೋಡಿ ಆರಿಸುತ್ತಾರೆ, ದಿನವನ್ನು ಲಾರಿಯವರು ಸಿಗುವ ವಾರ ನೋಡಿ ಗೊತ್ತುಮಾಡುತ್ತಾರೆ. ಸಿಬ್ಬಂದಿಯ ಓಡಾಟ ಒಬ್ಬರ ತಲೆನೋವಾಗಿ, ಗ್ರಾಹಕ ಸೇವೆ ಇನ್ನೊಬ್ಬರ ತಲೆನೋವಾಗಿ ಉಳಿದುಬಿಡುತ್ತದೆ.

ಇವೆರಡನ್ನೂ ಒಟ್ಟಿಗೇ ನೋಡಬೇಕು. ಬೆಳಿಗ್ಗೆ 8ಕ್ಕೆ ಫೋನ್ ಎತ್ತಬೇಕಾದವರು ಎರಡನೇ ಬಸ್ಸಿಗೆ ಕಾಯುತ್ತಾ ನಿಂತಿದ್ದರೆ, ಆ ಹೊತ್ತಿಗೆ ಕರೆ ಮಾಡಿದ ಗ್ರಾಹಕರೂ ಕಾಯುತ್ತಲೇ ಇರುತ್ತಾರೆ. ಮೂರು ತಿಂಗಳಾದ ಮೇಲೆ ಅದೇ ಜನ ಹತ್ತಿರದ ಕೆಲಸ ಹುಡುಕಿಕೊಂಡು ಹೋದರೆ, ಹಳೆಯ ಗ್ರಾಹಕರ ಕಥೆಯೆಲ್ಲ ಗೊತ್ತಿದ್ದವರು ಹೋದ ಹಾಗೆ. ಆ ನಷ್ಟ ಸ್ಥಳಾಂತರದ ಲೆಕ್ಕಪತ್ರದಲ್ಲಿ ಎಲ್ಲೂ ಕಾಣುವುದಿಲ್ಲ.

ಜಾಗ ಹೋಲಿಸುವಾಗ ಸರಾಸರಿ ನಂಬಬೇಡಿ

ಒಂದು ಕಚೇರಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 40 ಜನರಿದ್ದಾರೆ. ಅವರಲ್ಲಿ 10 ಜನ ಗ್ರಾಹಕ ಸೇವೆಯವರು: ಫೋನ್ ಎತ್ತುವವರು ಮತ್ತು ಕೌಂಟರಿನಲ್ಲಿ ಕೂರುವವರು. ಸೇವೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಈಗ ಮನೆಯಿಂದ ಕಚೇರಿಗೆ ಬರಲು ಸರಾಸರಿ 42 ನಿಮಿಷ ಹಿಡಿಯುತ್ತದೆ. ಮೂರು ಜಾಗ ನೋಡಿದ್ದಾರೆ. ಒಂದು, ಈಗಿನ ಕಚೇರಿಗೆ ಹತ್ತಿರದಲ್ಲೇ ಇದೆ, ಬಾಡಿಗೆ ಜಾಸ್ತಿ. ಎರಡನೆಯದು ರೈಲು ನಿಲ್ದಾಣದ ಪಕ್ಕದಲ್ಲಿದೆ, ಬಾಡಿಗೆ ಮಧ್ಯಮ. ಮೂರನೆಯದು ಊರಾಚೆಯ ದೊಡ್ಡ ರಸ್ತೆಯ ಬದಿಯಲ್ಲಿದೆ. ಬಾಡಿಗೆ ಕಡಿಮೆ, ವಾಹನ ನಿಲ್ಲಿಸಲು ಬೇಕಾದಷ್ಟು ಜಾಗ.

| | ಹತ್ತಿರದ ಜಾಗ | ನಿಲ್ದಾಣದ ಪಕ್ಕ | ಊರಾಚೆ |
|---|---|---|---|
| ಸರಾಸರಿ ಪ್ರಯಾಣ | 44 ನಿಮಿಷ | 45 ನಿಮಿಷ | 41 ನಿಮಿಷ |
| 20 ನಿಮಿಷಕ್ಕಿಂತ ಜಾಸ್ತಿ ಹೆಚ್ಚಾಗುವವರು | 3 ಜನ | 9 ಜನ | 13 ಜನ |
| ಅವರಲ್ಲಿ ಗ್ರಾಹಕ ಸೇವೆಯವರು | 1 | 1 | 7 |

ಮೊದಲ ಸಾಲನ್ನಷ್ಟೇ ನೋಡಿದರೆ ಊರಾಚೆಯ ಜಾಗವೇ ಗೆಲ್ಲುತ್ತದೆ. ಬಾಡಿಗೆಯೂ ಕಡಿಮೆ, ಸರಾಸರಿ ಪ್ರಯಾಣವೂ ಒಂದು ನಿಮಿಷ ಕಡಿಮೆ. ಆದರೆ ಆ ಸರಾಸರಿ ಹೇಗೆ ಬಂತು ನೋಡಿ. ಕಾರಿನಲ್ಲಿ ಬರುವ, ಅದೇ ದಿಕ್ಕಿನಲ್ಲಿ ಮನೆ ಇರುವ 27 ಜನರಿಗೆ ತಲಾ 18 ನಿಮಿಷದಷ್ಟು ಉಳಿಯಿತು. ಬಸ್ಸಿನಲ್ಲಿ ಬರುವ 13 ಜನರಿಗೆ ತಲಾ 35 ನಿಮಿಷದಷ್ಟು ಕೂಡಿತು. ಕೂಡಿ ಕಳೆದಾಗ ಎಲ್ಲ ಸರಿಯಾಗಿರುವ ಹಾಗೆ ಕಾಣುತ್ತದೆ. ಆ 13ರಲ್ಲಿ 7 ಜನ ಗ್ರಾಹಕ ಸೇವೆಯವರು. ಅಂದರೆ 10 ಜನರ ತಂಡದಲ್ಲಿ 7 ಜನ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ರಸ್ತೆಯಲ್ಲಿ ಕಳೆದುಕೊಳ್ಳುತ್ತಾರೆ. ಕಡಿಮೆ ಸಂಬಳದ, ಬೇಗ ಶುರುವಾಗುವ, ತಡವಾಗಿ ಮುಗಿಯುವ ಕೆಲಸ ಇರುವವರೇ ಸಾಮಾನ್ಯವಾಗಿ ಬಸ್ಸನ್ನು ನಂಬಿರುತ್ತಾರೆ. ಹಾಗಾಗಿ ಇಂಥ ಹೊಡೆತ ಸುಮ್ನೆ ಎಲ್ಲರಿಗೂ ಹಂಚಿಹೋಗುವುದಿಲ್ಲ, ಒಂದೇ ತಂಡದ ಮೇಲೆ ಬೀಳುತ್ತದೆ.

ಆದ್ದರಿಂದ ಮೂರನೇ ಸಾಲನ್ನೇ ಮೊದಲು ನೋಡಿ. ಗ್ರಾಹಕರ ಎದುರು ಇರುವ ತಂಡದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ 20 ನಿಮಿಷ ಮೀರಿ ಏರಿಕೆಯಾಗುತ್ತಿದ್ದರೆ, ಆ ಜಾಗವನ್ನು ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ನಾನು ಪಟ್ಟಿಯಿಂದ ತೆಗೆಯುತ್ತೇನೆ. ಇದು ಯಾವ ನಿಯಮಪುಸ್ತಕದ ಮಾತೂ ಅಲ್ಲ, ನಾನು ಹಾಕಿಕೊಂಡ ಗೆರೆ. ನಿಮ್ಮ ಗೆರೆ ಬೇರೆ ಇರಬಹುದು. ಆದರೆ ಜಾಗ ನೋಡುವ ಮೊದಲೇ ಎಳೆದುಕೊಳ್ಳಿ. ಜಾಗ ಇಷ್ಟವಾದ ಮೇಲೆ ಗೆರೆ ಎಳೆಯಲು ಹೋದರೆ ಅದು ಜಾಗಕ್ಕೆ ತಕ್ಕ ಹಾಗೆ ಬಾಗುತ್ತದೆ.

ಪ್ರಯಾಣದ ಸಮಯವನ್ನು ಸರಿಯಾಗಿ ಅಳೆಯುವುದು

ಈ ಪಟ್ಟಿಗೆ ಬೇಕಾದ ಮಾಹಿತಿ ಕಲೆಹಾಕುವುದು ಕಷ್ಟದ ಕೆಲಸವಲ್ಲ. ಆದರೆ ಅವಸರದಲ್ಲಿ ತಪ್ಪು ಅಂಕಿ ಬರುವುದು ತುಂಬಾ ಸುಲಭ. ಮನೆ ವಿಳಾಸ ಕೇಳಬೇಡಿ. ಹತ್ತಿರದ ಬಸ್ ನಿಲ್ದಾಣ ಅಥವಾ ಬಡಾವಣೆಯ ಹೆಸರು ಸಾಕು. ಜೊತೆಗೆ ಕೆಲಸ ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಯಾವುದರಲ್ಲಿ ಬರುತ್ತಾರೆ, ದಾರಿಯಲ್ಲಿ ಮಗುವನ್ನು ಶಾಲೆಗೆ ಬಿಡುವಂಥ ನಿಲುಗಡೆ ಇದೆಯೇ ಅನ್ನುವುದನ್ನು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಶಾಲೆಯ ಗೇಟು ತೆರೆಯುವ ಸಮಯ ಯಾರಿಗಾಗಿಯೂ ಬದಲಾಗುವುದಿಲ್ಲ. ಅಂಥವರಿಗೆ 15 ನಿಮಿಷದ ಏರಿಕೆಯೂ ದಿನಾ ತಡವಾಗುವುದಕ್ಕೆ ಸಾಕು.

ನಕ್ಷೆಯ ಆ್ಯಪಿನಲ್ಲಿ ಸಮಯ ನೋಡುವಾಗ ಮಧ್ಯಾಹ್ನ ಕುಳಿತು ನೋಡಿದರೆ ಮಧ್ಯಾಹ್ನದ ರಸ್ತೆಯೇ ಸಿಗುತ್ತದೆ. ಕೆಲಸದ ದಿನ ಆರಿಸಿ, ಕಚೇರಿ ತಲುಪಬೇಕಾದ ಹೊತ್ತು ಕೊಟ್ಟು ನೋಡಿ. ವಾಪಸ್ ಬರುವುದನ್ನು ಬೇರೆಯಾಗಿ ನೋಡಿ. ಬೆಳಿಗ್ಗೆ 10 ನಿಮಿಷಕ್ಕೊಂದು ಬಸ್ಸು ಇದ್ದ ದಾರಿಯಲ್ಲಿ ರಾತ್ರಿ 8ರ ಮೇಲೆ ಅರ್ಧ ಗಂಟೆಗೊಂದು ಇರಬಹುದು. ಕಚೇರಿ ಬಾಗಿಲಿನಿಂದ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ರಾತ್ರಿ ದೀಪ ಇದೆಯೇ ಅನ್ನುವುದನ್ನು ಹೋಗಿಯೇ ನೋಡಬೇಕು, ನಕ್ಷೆ ಹೇಳುವುದಿಲ್ಲ. ಎಷ್ಟು ಸಲ ವಾಹನ ಬದಲಿಸಬೇಕು ಅನ್ನುವುದನ್ನೂ ಬರೆದಿಡಿ. ಒಂದೇ ಬಸ್ಸಿನ 50 ನಿಮಿಷಕ್ಕಿಂತ ಎರಡು ಸಲ ಬದಲಿಸುವ 45 ನಿಮಿಷ ಕಷ್ಟ. ಒಂದು ಬಸ್ಸು ತಪ್ಪಿದರೆ ಮುಂದಿನದೂ ತಪ್ಪುತ್ತದಲ್ವಾ?

ಕೊನೆಗೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಬೇರೆ ಬೇರೆ ದಿಕ್ಕಿನಿಂದ ಬರುವ ನಾಲ್ಕೈದು ಜನರನ್ನು ಒಂದು ಕೆಲಸದ ದಿನ ನಿಜವಾಗಿಯೇ ಹೊಸ ಜಾಗಕ್ಕೆ ಕಳಿಸಿ. ಅವರ ಎಂದಿನ ಹೊತ್ತಿಗೆ, ಎಂದಿನ ವಾಹನದಲ್ಲಿ. ಆ ಓಡಾಟದ ಹೊತ್ತನ್ನು ಕೆಲಸದ ಹೊತ್ತಾಗಿಯೇ ಲೆಕ್ಕ ಹಾಕಿ. ಪಟ್ಟಿಯ ಅಂಕಿಗೂ ಅವರ ಅಂಕಿಗೂ 10 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಪಟ್ಟಿಯಲ್ಲೇ ಏನೋ ಬಿಟ್ಟುಹೋಗಿದೆ. ಬಹಳ ಸಲ ಅದು ಲಿಫ್ಟಿಗೆ ಕಾಯುವ ಹೊತ್ತು, ವಾಹನ ನಿಲ್ಲಿಸುವ ಹೊತ್ತು ಅಥವಾ ದೊಡ್ಡ ರಸ್ತೆ ದಾಟುವ ಹೊತ್ತು.

ಕಚೇರಿ ಬಾಗಿಲಿಗೆ ಬರುವ ಗ್ರಾಹಕರಿದ್ದರೆ ಅವರಿಗೂ ಇಂಥದ್ದೇ ಒಂದು ಚಿಕ್ಕ ಲೆಕ್ಕ ಬೇಕು. ಎರಡು ವಾರ ಕೌಂಟರಿನಲ್ಲಿ "ಯಾವ ಕಡೆಯಿಂದ ಬಂದಿರಿ, ಯಾವುದರಲ್ಲಿ ಬಂದಿರಿ" ಎಂದು ಕೇಳಿ ಗೀಟು ಹಾಕುತ್ತಾ ಹೋಗಿ. ಯಾಕೆ ಬಂದರು ಅನ್ನುವುದನ್ನೂ ಬರೆದುಕೊಳ್ಳಿ. ಅರ್ಧದಷ್ಟು ಜನ ಬರೀ ಒಂದು ಕಾಗದ ಕೊಟ್ಟು ಹೋಗಲು ಬರುತ್ತಿದ್ದರೆ, ಹಳೆಯ ಜಾಗದ ಹತ್ತಿರ ಕಾಗದ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿದರೆ ಅವರ ತೊಂದರೆ ತಪ್ಪುತ್ತದೆ.

ಉಳಿದ ಎರಡು ಜಾಗದಲ್ಲಿ ಯಾವುದು?

ನಮ್ಮ ಉದಾಹರಣೆಯಲ್ಲಿ ಊರಾಚೆಯ ಜಾಗ ಹೋಯಿತು. ಹತ್ತಿರದ ಜಾಗವೇ ಸುರಕ್ಷಿತ, ಆದರೆ ದುಬಾರಿ. ಹಾಗಾಗಿ ನಿಲ್ದಾಣದ ಪಕ್ಕದ ಜಾಗದಲ್ಲಿ ತೊಂದರೆಗೆ ಬೀಳುವ 9 ಜನ ಯಾರು ಎಂದು ನೋಡಬೇಕು. ಅವರಲ್ಲಿ 6 ಜನ ಸ್ವಂತ ವಾಹನದಲ್ಲಿ ಬರುವ ಲೆಕ್ಕಪತ್ರ ಮತ್ತು ವಿನ್ಯಾಸ ವಿಭಾಗದವರು. ಬೆಳಿಗ್ಗೆ 9ಕ್ಕೆ ನಿಲ್ದಾಣದ ಸುತ್ತ ವಾಹನ ಕಿಕ್ಕಿರಿದಿರುತ್ತದೆ, ಅದೇ ಅವರ ತೊಂದರೆ. ಅವರ ಕೆಲಸ 9ಕ್ಕೇ ಶುರುವಾಗಬೇಕೆಂದಿಲ್ಲ. 8ಕ್ಕೆ ಅಥವಾ 10ಕ್ಕೆ ಬರಲು ಬಿಟ್ಟರೆ ಏರಿಕೆ 20 ನಿಮಿಷದ ಕೆಳಗೆ ಇಳಿಯುತ್ತದೆ. ಉಳಿದವರು 3 ಜನ. ಹತ್ತಿರದ ಜಾಗದಲ್ಲೂ 3 ಜನರೇ ಇದ್ದರು. ಹಾಗಾದರೆ ಹೆಚ್ಚಿನ ಬಾಡಿಗೆ ಕೊಡಲು ಓಡಾಟ ಒಂದು ಕಾರಣವಾಗಿ ಉಳಿಯಲಿಲ್ಲ.

ಇಲ್ಲಿ ಒಂದು ಷರತ್ತು ಇದೆ. ಸೇವೆ ರಾತ್ರಿ 8ಕ್ಕೆ ಮುಗಿಯುತ್ತದೆ. ಅದಾದ ಮೇಲೆ ರೈಲು ಸಾಕಷ್ಟು ಇಲ್ಲದಿದ್ದರೆ, ಅಥವಾ ಭಾನುವಾರ ರೈಲು ಕಡಿಮೆಯಿದ್ದು ಅಂದೂ ಸೇವೆ ಇದ್ದರೆ, ನಾನು ಹತ್ತಿರದ ಜಾಗವನ್ನೇ ಆರಿಸುತ್ತೇನೆ. ಬೆಳಗಿನ ಪ್ರಯಾಣ ಚೆನ್ನಾಗಿದೆ ಎಂದು ರಾತ್ರಿಯದನ್ನು ನೋಡದೆ ಬಿಟ್ಟರೆ ಸಂಜೆಯ ಪಾಳಿಗೆ ಜನರೇ ಸಿಗುವುದಿಲ್ಲ.

ಕೆಲವರಿಗೆ ಹೇಗೂ ತೊಂದರೆ ಆಗುತ್ತದೆ. ಅವರಿಗೆ ಏನು ಕೊಡಬಹುದು? ಸಮಯ ಬದಲಿಸಿ ಕೊಡುವುದು ಎಲ್ಲಕ್ಕಿಂತ ಅಗ್ಗ, ಆದರೆ ಫೋನ್ ತಂಡಕ್ಕೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಹಣದ ಭತ್ಯೆ ಖರ್ಚನ್ನು ತುಂಬುತ್ತದೆ, ಹೋದ ಹೊತ್ತನ್ನು ಹಿಂದಿರುಗಿಸುವುದಿಲ್ಲ. ಆದ್ದರಿಂದ ಟಿಕೆಟ್ ದರ ಏರಿದವರಿಗೆ ಅದು ಸರಿ, ಒಂದು ಗಂಟೆ ಜಾಸ್ತಿಯಾದವರಿಗೆ ಸಾಲದು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಕೊಟ್ಟರೆ ಐದು ದಿನದ ವಾರದಲ್ಲಿ ಪ್ರಯಾಣದ ಹೊರೆ 40 ಶೇಕಡಾ ಇಳಿಯುತ್ತದೆ. ಫೋನ್ ಕೆಲಸಕ್ಕೂ ಇದು ಆಗುತ್ತದೆ, ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಮತ್ತು ಗಲಾಟೆಯಿಲ್ಲದ ಕೋಣೆ ಇದ್ದರೆ.

ಕಚೇರಿ ವಾಹನ ಬಿಡುತ್ತೇವೆ ಎಂದು ಹೇಳುವ ಮೊದಲು ಗಡಿಯಾರ ನೋಡಿ. ನಿಮ್ಮ ಹೊಸ ಜಾಗ ನಿಲ್ದಾಣದ ಪಕ್ಕದಲ್ಲಿಲ್ಲ, ಅಲ್ಲಿಂದ ವಾಹನದಲ್ಲಿ 12 ನಿಮಿಷ ಅಂದುಕೊಳ್ಳಿ. ಹೋಗಿ ಬಂದು, ಹತ್ತಿ ಇಳಿಯುವ ಹೊತ್ತು ಸೇರಿದರೆ ಒಂದು ಸುತ್ತಿಗೆ 30 ನಿಮಿಷ. ಒಂದೇ ವಾಹನವಿದ್ದರೆ ಸರಾಸರಿ 15 ನಿಮಿಷ ಕಾಯಬೇಕು, ಆಗತಾನೇ ತಪ್ಪಿಸಿಕೊಂಡವರು 30 ನಿಮಿಷ. 12 ನಿಮಿಷದ ದಾರಿಗೆ ಸರಾಸರಿ 27 ನಿಮಿಷ ಆಯಿತು. ರೈಲಿನ ಸಮಯಕ್ಕೆ ಹೊಂದಿಸಿ ಬಿಟ್ಟರೆ ಮಾತ್ರ ವಾಹನ ಉಪಯೋಗಕ್ಕೆ ಬರುತ್ತದೆ.

ಹೋಗುವ ಕ್ರಮ: ಒಂದೇ ಸಲವೋ, ಭಾಗ ಭಾಗವಾಗಿಯೋ

ಶನಿವಾರ ಭಾನುವಾರದಲ್ಲಿ ಎಲ್ಲವನ್ನೂ ಸಾಗಿಸಿ ಸೋಮವಾರ ಹೊಸ ಜಾಗದಲ್ಲಿ ಬಾಗಿಲು ತೆರೆಯುವುದು ಹೆಚ್ಚು ಜನ ಹಿಡಿಯುವ ದಾರಿ. ಎರಡು ಬಾಡಿಗೆ ಇಲ್ಲ, ಸಾಗಣೆ ಖರ್ಚು ಒಂದೇ ಸಲ, ಎಲ್ಲರೂ ಒಂದೇ ಕಡೆ. ಗ್ರಾಹಕರ ಜೊತೆ ನೇರ ಸಂಪರ್ಕವಿಲ್ಲದ ತಂಡಗಳಿಗೆ ನಾನೂ ಇದನ್ನೇ ಹೇಳುತ್ತೇನೆ. ಆದರೆ ಫೋನ್ ತಂಡಕ್ಕೆ ಇದರಲ್ಲಿ ಎರಡು ಅಪಾಯಗಳಿವೆ. ಭಾನುವಾರ ಸಂಜೆ ಇಂಟರ್ನೆಟ್ ಬರದಿದ್ದರೆ ಸರಿಮಾಡುವ ತಂತ್ರಜ್ಞರು ಸಿಗುವುದು ಕಷ್ಟ. ಇನ್ನು ಸೋಮವಾರ ಹೆಚ್ಚಿನ ಕಚೇರಿಗಳಲ್ಲಿ ಅತಿ ಹೆಚ್ಚು ಕರೆ ಬರುವ ದಿನ, ರಜೆಯ ಎರಡು ದಿನದ ಪ್ರಶ್ನೆಗಳೆಲ್ಲ ಅಂದೇ ಬರುತ್ತವೆ. ಹೊಸ ವ್ಯವಸ್ಥೆಗೆ ಮೊದಲ ಪರೀಕ್ಷೆಯೇ ಅತಿ ಕಠಿಣ ದಿನದಲ್ಲಿ ನಡೆದ ಹಾಗಾಗುತ್ತದೆ.

ತಂಡ ತಂಡವಾಗಿ ಹೋಗುವುದು ಎರಡನೇ ದಾರಿ. ಈ ವಾರ ಲೆಕ್ಕಪತ್ರ, ಮುಂದಿನ ವಾರ ಮಾರಾಟ, ಆಮೇಲೆ ಸೇವೆ. ಕೇಳಲು ಹಿತವಾಗಿದೆ. ತೊಂದರೆ ಬರುವುದು ತಂಡಗಳ ನಡುವೆ. ಗ್ರಾಹಕರ ದೂರು ಬಂದಾಗ ಎದ್ದು ಹೋಗಿ ಗೋದಾಮಿನವರನ್ನು ಕೇಳಿ ಬರುವ ಅಭ್ಯಾಸ ಇದ್ದ ಕಡೆ, ಈಗ ಅವರು ಬೇರೆ ಕಟ್ಟಡದಲ್ಲಿ. ಕಡತ ಒಂದು ಕಡೆ, ಅದನ್ನು ನೋಡಬೇಕಾದವರು ಇನ್ನೊಂದು ಕಡೆ. ಇದನ್ನು ಆರಿಸಿದರೆ ದಿನಾ ಒಬ್ಬರನ್ನೊಬ್ಬರು ಕೇಳಬೇಕಾದ ತಂಡಗಳನ್ನು ಒಟ್ಟಿಗೇ ಸಾಗಿಸಿ, ಇಡೀ ಕೆಲಸವನ್ನು ಎರಡು ವಾರದೊಳಗೆ ಮುಗಿಸಿ.

ಮೂರನೇ ದಾರಿ ನನಗೆ ಹೆಚ್ಚು ಹಿಡಿಸಿದ್ದು. ಸೇವಾ ತಂಡವನ್ನೇ ಎರಡು ಭಾಗ ಮಾಡುವುದು. 10 ಜನರಲ್ಲಿ 5 ಜನ ಮೊದಲು ಹೋಗಿ ಹೊಸ ಜಾಗದಿಂದ ಕರೆ ತೆಗೆದುಕೊಳ್ಳುತ್ತಾರೆ, 5 ಜನ ಹಳೆಯ ಜಾಗದಲ್ಲೇ ಇರುತ್ತಾರೆ. ಯಾವುದಾದರೂ ಒಂದು ಕಡೆ ಕೈಕೊಟ್ಟರೂ ಇನ್ನೊಂದು ಕಡೆ ಫೋನ್ ರಿಂಗಾಗುತ್ತಲೇ ಇರುತ್ತದೆ. ಸ್ವಲ್ಪ ದಿನ ಎರಡು ಕಡೆ ಬಾಡಿಗೆ, ಎರಡು ಕಡೆ ಇಂಟರ್ನೆಟ್ಟಿಗೆ ಹಣ ಕೊಡಬೇಕು. ನಿಮ್ಮ ಗ್ರಾಹಕರು ಕರೆ ಮಾಡಿಯೇ ಕೆಲಸ ಮಾಡಿಸಿಕೊಳ್ಳುವವರಾದರೆ ಈ ಹಣ ವ್ಯರ್ಥವಲ್ಲ. ಹೆಚ್ಚಿನವರು ಮೇಲ್ ಬರೆದು ಮರುದಿನದವರೆಗೆ ಕಾಯುವವರಾದರೆ ಮೊದಲನೇ ದಾರಿಯೇ ಸಾಕು.

ಎರಡು ಭಾಗದ ಸ್ಥಳಾಂತರ ಹೀಗೆ ನಡೆಯುತ್ತದೆ

ಮೊದಲು ಇಂಟರ್ನೆಟ್. ನಿಮ್ಮ ಕಚೇರಿಗಷ್ಟೇ ಮೀಸಲಾದ ಲೈನು ಬರಲು ವಾರಗಳು ಹಿಡಿಯುತ್ತವೆ. ರಸ್ತೆ ಅಗೆಯಬೇಕಾದರೆ ತಿಂಗಳುಗಳು. ಹಾಗಾಗಿ ಜಾಗ ಒಪ್ಪಿಕೊಳ್ಳುವ ಮೊದಲೇ ಆ ಕಟ್ಟಡದೊಳಗೆ ಯಾವ ಯಾವ ಕಂಪನಿಯ ಲೈನು ಈಗಾಗಲೇ ಇದೆ ಎಂದು ಬರಹದಲ್ಲಿ ಕೇಳಿ. ಒಂದೇ ಕಂಪನಿ ಇದ್ದರೆ ಮೊಬೈಲ್ ಜಾಲದ ರೂಟರ್ ಒಂದನ್ನು ಬದಲಿಯಾಗಿ ಇಟ್ಟುಕೊಳ್ಳಿ, ಮತ್ತು ಕೂರುವ ಜಾಗದಲ್ಲೇ ಅದರ ಸಿಗ್ನಲ್ ನೋಡಿ. ಸ್ಥಳಾಂತರಕ್ಕೆ ಮೂರು ವಾರ ಮೊದಲು ಲೈನು ನಡೆಯುತ್ತಿರಬೇಕು. ಆ ದಿನ ಬಂದರೂ ಲೈನು ಬಂದಿಲ್ಲವಾದರೆ ತಾರೀಖು ಮುಂದೆ ಹಾಕಿ. "ಅಷ್ಟರಲ್ಲಿ ಬಂದುಬಿಡುತ್ತೆ" ಎಂಬ ಮಾತಿನ ಮೇಲೆ ಲಾರಿ ಕರೆಸಬೇಡಿ.

ಆಮೇಲೆ ಫೋನ್. ನಿಮ್ಮ ಫೋನ್ ಇಂಟರ್ನೆಟ್ ಮೂಲಕ ನಡೆಯುವುದಾದರೆ ಒಂದೇ ನಂಬರಿಗೆ ಬಂದ ಕರೆ ಎರಡು ಕಡೆಯೂ ರಿಂಗಾಗುವಂತೆ ಮಾಡುವುದು ಸುಲಭ. ಹಳೆಯ ಕಾಲದ ಫೋನ್ ಯಂತ್ರ ಗೋಡೆಯ ಮೇಲಿದ್ದರೆ ಕರೆಗಳನ್ನು ಹೊಸ ಜಾಗಕ್ಕೆ ತಿರುಗಿಸಬೇಕಾಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ: ನಿಮ್ಮ ಯಂತ್ರವೇ ಕರೆ ತಿರುಗಿಸಿದರೆ ಒಳಬರಲು ಒಂದು, ಹೊರಹೋಗಲು ಒಂದು, ಹೀಗೆ ಒಂದು ಕರೆಗೆ ಎರಡು ಲೈನು ಹಿಡಿಯುತ್ತದೆ. 10 ಲೈನು ಇದ್ದರೆ 5 ಕರೆಗೇ ತುಂಬಿಹೋಗುತ್ತದೆ, ಆರನೆಯವರಿಗೆ ಬಿಜಿ ಎಂದು ಕೇಳಿಸುತ್ತದೆ. ಫೋನ್ ಕಂಪನಿಯ ಕಡೆಯಿಂದಲೇ ತಿರುಗಿಸಿದರೆ ಈ ತೊಂದರೆ ಇಲ್ಲ.

ಮೂರನೆಯದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಬ್ಯಾಂಕು ಅಥವಾ ಹಣ ಪಾವತಿಯ ಸಂಸ್ಥೆ ಇಂಟರ್ನೆಟ್ಟಿನಲ್ಲಿ ನಿಮ್ಮ ಕಚೇರಿಯ ಲೈನನ್ನು ಗುರುತಿಸುವ ಸಂಖ್ಯೆಯನ್ನು, ಅಂದರೆ ಐಪಿ ವಿಳಾಸವನ್ನು, ನೋಡಿ ಒಳಬಿಡುತ್ತಿರಬಹುದು. ಹೊಸ ಲೈನಿಗೆ ಹೊಸ ಐಪಿ ವಿಳಾಸ ಬರುತ್ತದೆ. ಫೋನ್ ಚೆನ್ನಾಗಿ ನಡೆಯುತ್ತಿರುತ್ತದೆ, ಆದರೆ ಗ್ರಾಹಕರಿಗೆ ಹಣ ವಾಪಸ್ ಮಾಡುವ ಪರದೆ ತೆರೆಯುವುದಿಲ್ಲ. ಲೈನು ಬಂದ ದಿನವೇ ಹೊಸ ವಿಳಾಸವನ್ನು ಅವರಿಗೆ ಕಳಿಸಿ, ಹಳೆಯದನ್ನೂ ಉಳಿಸಿಕೊಳ್ಳಲು ಹೇಳಿ.

ಈಗ ವಾರವನ್ನು ಆರಿಸಬೇಕು. ಹಿಂದಿನ ಮೂರು ತಿಂಗಳ ಕರೆಗಳ ಪಟ್ಟಿ ತೆಗೆದು, ಯಾವ ವಾರ, ಯಾವ ದಿನ ಕರೆ ಕಡಿಮೆ ಎಂದು ನೋಡಿ. ಬಿಲ್ ಕಳಿಸುವ ವಾರ ಬಿಟ್ಟುಬಿಡಿ. ನಮ್ಮ ಉದಾಹರಣೆಯಲ್ಲಿ ಬುಧವಾರ ಕಡಿಮೆ. ಬುಧವಾರ ಬೆಳಿಗ್ಗೆ 5 ಜನ ಹೊಸ ಜಾಗದಲ್ಲಿ ಕೂರುತ್ತಾರೆ. ಅವರಿಗೆ ಮೇಜು, ಕಂಪ್ಯೂಟರ್, ಹೆಡ್‌ಫೋನ್ ಮೊದಲೇ ಸಿದ್ಧವಾಗಿರುತ್ತದೆ, ಹಳೆಯ ಮೇಜಿನಿಂದ ಏನನ್ನೂ ಹೊತ್ತು ತರುವುದಿಲ್ಲ. ಮೊದಲ ಎರಡು ಗಂಟೆ ಐದರಲ್ಲಿ ಒಂದು ಕರೆ ಮಾತ್ರ ಅವರ ಕಡೆ. ಧ್ವನಿ ಕಡಿಯುತ್ತಿಲ್ಲ, ಗ್ರಾಹಕರ ದಾಖಲೆ ತೆರೆಯುತ್ತಿದೆ, ಹಣ ವಾಪಸ್ ಆಗುತ್ತಿದೆ ಎಂದಾದ ಮೇಲೆ ಅರ್ಧ. ಗುರುವಾರ, ಶುಕ್ರವಾರವೂ ಹಾಗೇ ನಡೆದರೆ ವಾರಾಂತ್ಯದಲ್ಲಿ ಉಳಿದ ತಂಡಗಳೆಲ್ಲ ಒಂದೇ ಸಲ ಹೋಗುತ್ತವೆ. ಹಳೆಯ ಜಾಗದ 5 ಜನ ಮಾತ್ರ ಸೋಮವಾರದ ಹೊರೆ ಅಲ್ಲೇ ಹೊತ್ತು, ಮುಂದಿನ ಬುಧವಾರ ಹೊರಡುತ್ತಾರೆ.

ಮೊದಲ ಐವರಲ್ಲಿ ಯಾರಿರಬೇಕು? ಹೊಸ ಜಾಗಕ್ಕೆ ಹತ್ತಿರವಿರುವವರನ್ನೇ ಕಳಿಸೋಣ ಅನ್ನಿಸುತ್ತದೆ. ಆದರೆ ಅನುಭವಿಗಳೆಲ್ಲ ಒಂದೇ ಕಡೆ ಸೇರಿಬಿಡದಂತೆ ನೋಡಿಕೊಳ್ಳಿ. ಕಷ್ಟದ ಕರೆ ಬಂದಾಗ ಪಕ್ಕದಲ್ಲಿ ಕೇಳಲು ಒಬ್ಬರಾದರೂ ಎರಡೂ ಕಡೆ ಬೇಕು.

ಸರಿಯಾಗಿದೆಯೇ ಎಂದು ತಿಳಿಯುವುದು

ಎರಡು ಅಂಕಿ ಸಾಕು. ಉತ್ತರ ಸಿಗುವ ಮೊದಲೇ ಫೋನ್ ಇಟ್ಟವರು ನೂರರಲ್ಲಿ ಎಷ್ಟು ಜನ, ಮತ್ತು ಕಾಯುವ ಸಮಯ ಎಷ್ಟು. ಬುಧವಾರವನ್ನು ಹಿಂದಿನ ನಾಲ್ಕು ಬುಧವಾರಗಳ ಜೊತೆ ಹೋಲಿಸಿ, ಮಂಗಳವಾರದ ಜೊತೆ ಬೇಡ. ಎಷ್ಟು ಕೆಟ್ಟರೆ ವಾಪಸ್ ಹೋಗುತ್ತೇವೆ ಎಂಬುದನ್ನು ಮೊದಲೇ ಬರೆದಿಡಿ: ಉದಾಹರಣೆಗೆ, ಫೋನ್ ಇಟ್ಟವರ ಪ್ರಮಾಣ ಒಂದು ಗಂಟೆ ಕಾಲ ಎಂದಿನ ಎರಡರಷ್ಟಿದ್ದರೆ ಎಲ್ಲ ಕರೆ ಹಳೆಯ ಜಾಗಕ್ಕೆ. ಈ ನಿರ್ಧಾರ ಮಾಡುವ ಅಧಿಕಾರವನ್ನು ಸೇವಾ ತಂಡದ ಮುಖ್ಯಸ್ಥರಿಗೇ ಕೊಡಿ. ಮೇಲಿನವರ ಒಪ್ಪಿಗೆಗೆ ಕಾಯುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ.

ಕೌಂಟರಿಗೆ ಬೇರೆ ಲಕ್ಷಣ. ಹಳೆಯ ಬಾಗಿಲಿಗೆ ದಿನಕ್ಕೆ ಎಷ್ಟು ಜನ ಬಂದು ವಾಪಸ್ ಹೋಗುತ್ತಿದ್ದಾರೆ ಎಂದು ಅಲ್ಲಿ ಒಬ್ಬರು ಕುಳಿತು ಎಣಿಸಲಿ, ದಾರಿಯನ್ನೂ ಹೇಳಲಿ. ನಕ್ಷೆಯಲ್ಲಿ ವಿಳಾಸ ಬದಲಿಸುವುದನ್ನು ಹೊಸ ಬಾಗಿಲು ತೆರೆಯುವ ಹಿಂದಿನ ಸಂಜೆ ಮಾಡಿ, ಅದಕ್ಕಿಂತ ಮೊದಲೇ ಮಾಡಿದರೆ ಜನ ಬೀಗದ ಮುಂದೆ ನಿಲ್ಲುತ್ತಾರೆ.

ಸಿಬ್ಬಂದಿಯ ಓಡಾಟದ ಲೆಕ್ಕವನ್ನು ಆರನೇ ವಾರದಲ್ಲಿ ಮತ್ತೆ ತೆಗೆಯಿರಿ. ಮೊದಲ ವಾರಗಳಲ್ಲಿ ಎಲ್ಲರೂ ಬೇಗ ಹೊರಟು ಹೇಗೋ ನಿಭಾಯಿಸುತ್ತಾರೆ, ದೂರೂ ಹೇಳುವುದಿಲ್ಲ. ಆರನೇ ವಾರದ ಹೊತ್ತಿಗೆ ಪಾಳಿ ಬದಲಿಸಿಕೊಡಿ ಎನ್ನುವ ಕೋರಿಕೆ, ಸಂಜೆ ಪಾಳಿಯಲ್ಲಿ ರಜೆ, 10-15 ನಿಮಿಷ ತಡವಾಗಿ ಬರುವುದು ಕಾಣತೊಡಗುತ್ತದೆ. ಅದೇ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದರೆ ಅವರ ಜೊತೆ ಒಬ್ಬೊಬ್ಬರಾಗಿ ಕುಳಿತು ಮಾತಾಡಿ. ಪಾಳಿ ಬದಲಿಸಲಾಗದಿದ್ದರೆ ಮನೆಯಿಂದ ಕೆಲಸದ ದಿನ ಹೆಚ್ಚಿಸಿ.

ಹಳೆಯ ಜಾಗದ ಬಾಡಿಗೆ ಒಪ್ಪಂದವನ್ನು ಕೊನೆಯ ಐವರು ಹೊರಟ ಮೇಲೂ ಎರಡು ವಾರ ಉಳಿಯುವಂತೆ ಗೊತ್ತುಮಾಡಿಕೊಳ್ಳಿ, ಇಂಟರ್ನೆಟ್ ಮತ್ತು ಒಂದೆರಡು ಫೋನ್ ಸಮೇತ. ಹಳೆಯ ಲೈನನ್ನು ನಿಲ್ಲಿಸುವ ಕಾಗದ ಕೊಡುವ ಮೊದಲು ನಂಬರುಗಳೆಲ್ಲ ಹೊಸ ಲೈನಿಗೆ ಬಂದಿವೆಯೇ ಎಂದು ಹೊರಗಿನ ಮೊಬೈಲಿನಿಂದ ಒಂದೊಂದಕ್ಕೂ ಕರೆ ಮಾಡಿ ನೋಡಿ. ಲೈನು ರದ್ದಾದ ಮೇಲೆ ಹೋದ ನಂಬರನ್ನು ಮತ್ತೆ ಪಡೆಯುವುದು ಬಹಳ ಸಲ ಆಗದ ಕೆಲಸ.